ಸನ್ನೆ ಕಲಿಸಿದರೆ ಮಾತು ಬರುವುದಿಲ್ಲವೇ?

ಪ್ರಶ್ನೆ: ಮಗನಿಗೆ 14 ತಿಂಗಳು. ಬೆರಾ ಪರೀಕ್ಷೆಯಲ್ಲಿ ಎರಡೂ ಕಿವಿಗೆ 90 ಡೆಸಿಬೆಲ್‌ನಲ್ಲೂ ಪ್ರತಿಕ್ರಿಯೆ ಬರಲಿಲ್ಲ. ಎರಡು ತಿಂಗಳಿಂದ ಹಿಯರಿಂಗ್ ಏಡ್ ಹಾಕುತ್ತಿದ್ದೇವೆ. ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸುವ ಯೋಚನೆಯೂ ಇದೆ. ಸನ್ನೆ ಕಲಿಸಿದರೆ ಮಾತೇ ಆಡುವುದಿಲ್ಲ ಅನ್ನುತ್ತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಸನ್ನೆಯಿಂದ ಮಾತು ನಿಲ್ಲುವುದಿಲ್ಲ. ಮಾತು ತಡವಾಗುವುದು ಕಿವಿಗೆ ಸದ್ದು ಸಾಕಷ್ಟು ಮುಟ್ಟದಿದ್ದಾಗ. ಹಾಗಾಗಿ ಮೊದಲು ಅದನ್ನೇ ನೋಡಿ.

ದಿನಾ ಬೆಳಿಗ್ಗೆ ಏಡ್ ಹಾಕಿದ ಮೇಲೆ, ಫ್ಯಾನು, ಟಿ.ವಿ. ಆರಿಸಿ, ಮಗುವಿನ ಹಿಂದೆ ಒಂದು ಮೀಟರ್ ದೂರದಲ್ಲಿ ಕೂತು ಮ್, ಊ, ಆ, ಈ, ಶ್, ಸ್ ಎಂಬ ಆರು ಸದ್ದುಗಳನ್ನು ಮಾಮೂಲಿ ದನಿಯಲ್ಲಿ ಒಂದೊಂದಾಗಿ ಹೇಳಿ. ಈ ವಯಸ್ಸಿನ ಮಗು ತಿರುಗಿ ಹೇಳುವುದಿಲ್ಲ. ಆಟ ನಿಲ್ಲಿಸುತ್ತದೆ, ಕಣ್ಣು ಅಗಲಿಸುತ್ತದೆ ಅಥವಾ ತಿರುಗುತ್ತದೆ. ನಡುನಡುವೆ ಸುಮ್ಮನೆ ಕೂತೂ ನೋಡಿ. ಆಗಲೂ ತಿರುಗಿದರೆ ಅದು ಕೇಳಿಸಿಕೊಂಡಿದ್ದಲ್ಲ. ಫಲಿತಾಂಶವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಿನ್ನೆ ಕೇಳಿದ್ದು ಇಂದು ಕೇಳದಿದ್ದರೆ ಬ್ಯಾಟರಿ, ಏಡ್‌ನ ಕಿವಿಯೊಳಗೆ ಕೂರುವ ಮೋಲ್ಡಿನಲ್ಲಿ ಕಟ್ಟಿದ ಗುಗ್ಗೆ, ಕಿವಿಯ ಸೋಂಕು, ಈ ಕ್ರಮದಲ್ಲಿ ಅನುಮಾನಿಸಿ. ಏಡ್ ಸೀಟಿ ಹೊಡೆಯುತ್ತಿದ್ದರೆ ಕಿವಿ ಬೆಳೆದು ಮೋಲ್ಡ್ ಸಡಿಲವಾಗಿರಬಹುದು. ಈ ವಯಸ್ಸಿನಲ್ಲಿ ಕೆಲವೇ ತಿಂಗಳಿಗೊಮ್ಮೆ ಹೊಸದು ಬೇಕಾಗುತ್ತದೆ. ಆ, ಊ ಮುಟ್ಟಿ ಶ್, ಸ್ ಮಾತ್ರ ಎಂದೂ ಮುಟ್ಟದಿದ್ದರೆ, ಏಡ್ ಸರಿಯಿದ್ದರೂ 'ಸೊಪ್ಪು', 'ಬಸ್ಸು' ಅವನಿಗೆ ಅರ್ಧಂಬರ್ಧ ಕೇಳುತ್ತವೆ. ಇಂಪ್ಲಾಂಟ್ ನಿರ್ಧಾರಕ್ಕೆ ಆಡಿಯಾಲಜಿಸ್ಟ್‌ಗೆ ಈ ಪುಸ್ತಕ ತುಂಬ ಉಪಯೋಗ.

ಇನ್ನು ಸನ್ನೆಯ ವಿಷಯ. ಇಂಪ್ಲಾಂಟ್ 18ನೇ ತಿಂಗಳಿಗೆ ಆಯಿತೆನ್ನಿ. ಸಾಧನ ಚಾಲೂ ಆಗುವುದು ಶಸ್ತ್ರಚಿಕಿತ್ಸೆಯ ಕೆಲವು ವಾರಗಳ ನಂತರ. ಅಂದಿನಿಂದ ಅವನ ಕೇಳುವ ವಯಸ್ಸು ಸೊನ್ನೆಯಿಂದ ಎಣಿಕೆ, ಮಾತಿನ ಥೆರಪಿಯೂ ವರ್ಷಗಟ್ಟಲೆ ಬೇಕು. ಮೊದಲ ಮಾತಿಗೆ ಎರಡೂವರೆ ವರ್ಷ ದಾಟಬಹುದು. ಅಲ್ಲಿಯವರೆಗೆ ಬೇಕು, ಬೇಡ, ನೋವು ಎನ್ನಲೂ ಪದವಿಲ್ಲದೆ ಕೂರಿಸುವುದು ತಪ್ಪು. ಮೆದುಳಿಗೆ ಭಾಷೆ ಬೇಕಾದ ಕಾಲ ಆಪರೇಷನ್ ತಾರೀಖಿಗೆ ಕಾಯುವುದಿಲ್ಲ.

ಹಾಲಿನಿಂದಲೇ ಶುರು ಮಾಡಿ. ಲೋಟವನ್ನು ನಿಮ್ಮ ಮುಖದ ಹತ್ತಿರ ಹಿಡಿದು, ಅವನು ನಿಮ್ಮನ್ನು ನೋಡುವವರೆಗೆ ಕಾಯಿರಿ. ಆಮೇಲೆ ಸನ್ನೆ ಮಾಡುತ್ತಾ 'ಹಾಲು ಬೇಕಾ?' ಎಂದು ಪೂರ್ತಿ ವಾಕ್ಯದಲ್ಲಿ ಕೇಳಿ, ಐದು ಸೆಕೆಂಡ್ ಸುಮ್ಮನಿರಿ. ಬಹಳ ಜನ ಎಡವುವುದು ಇಲ್ಲೇ: ಮಗು ಲೋಟ ನೋಡುತ್ತಿರುವಾಗಲೇ ಸನ್ನೆ ಮುಗಿದಿರುತ್ತದೆ. ಕಣ್ಣಿಂದ ಕಲಿಯುವವನು ಒಂದೇ ಸಲಕ್ಕೆ ಎರಡು ಕಡೆ ನೋಡಲಾರ.

ಮನೆಯಲ್ಲಿ ಕಟ್ಟಿದ ಸನ್ನೆ ಮನೆಯ ಹೊಸಿಲು ದಾಟುವುದಿಲ್ಲ. ಭಾರತೀಯ ಸನ್ನೆ ಭಾಷೆಯನ್ನೇ ಕಲಿಯಿರಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು ವಿಡಿಯೊ ರೂಪದಲ್ಲಿ ಸಿಗುತ್ತದೆ. ಆದರೆ ನಿಘಂಟಿನಿಂದ ಪದ ಬರುತ್ತದೆ, ವಾಕ್ಯ ಬರುವುದಿಲ್ಲ. ಅದಕ್ಕೆ ಸನ್ನೆಯಾಡುವ ಕಿವುಡ ಹಿರಿಯರೊಬ್ಬರು ವಾರಕ್ಕೊಮ್ಮೆಯಾದರೂ ಮನೆಗೆ ಬಂದು ಮಗುವಿನ ಜೊತೆ ಆಡಲಿ. ಮಾತಿನ ಥೆರಪಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ದೂರವಲ್ಲ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಹಗಲೆಲ್ಲ ಮಗುವಿನ ಜೊತೆ ಇರುವವರು ಅವರೇ ಆಗಿದ್ದರೆ ಮೊದಲು ಕಲಿಯಬೇಕಾದವರೂ ಅವರೇ.