ತಿದ್ದಿ ಬರೆದ ಪ್ರಬಂಧಕ್ಕೆ ಎಷ್ಟು ಅಂಕ?

ಓದುಗರ ಪತ್ರ:

ನಮ್ಮ 9ನೇ ತರಗತಿಯಲ್ಲಿ 42 ಮಕ್ಕಳು. ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆಂದು ‘ಮಾರಿಕಣಿವೆ’ ಕುರಿತು ಪ್ರಬಂಧ ಬರೆಸಿ, ತಪ್ಪು ತೋರಿಸಿ, ಮತ್ತೆ ಬರೆಸಿದೆ. ಮೊದಲ ಸಲ 20ಕ್ಕೆ 9 ತೆಗೆದ ಹುಡುಗಿ ಎರಡನೇ ಸಲ 16ರ ಮಟ್ಟಕ್ಕೆ ಬರೆದಳು. ಇನ್ನೊಬ್ಬ ಹುಡುಗ ಮೊದಲೇ 16 ತೆಗೆದಿದ್ದ. ಎರಡು ಕಾಗುಣಿತ ತಿದ್ದಿ ಕೊಟ್ಟ, ಅಷ್ಟೇ. ಹುಡುಗಿಯ ಶ್ರಮ ನೋಡಿ 18 ಕೊಡೋಣ ಅನ್ನಿಸಿತು. ಹುಡುಗನ ತಂದೆ ‘ಮೊದಲೇ ಚೆನ್ನಾಗಿ ಬರೆದದ್ದು ತಪ್ಪಾಯಿತಾ?’ ಎಂದು ಕೇಳಿದರು. ಸಹೋದ್ಯೋಗಿಗಳು ಎರಡರ ಸರಾಸರಿ ಹಾಕಿಬಿಡಿ ಅನ್ನುತ್ತಾರೆ. ಯಾವುದು ನ್ಯಾಯ? ಇಬ್ಬರ ಪುಟಗಳ ಜೆರಾಕ್ಸ್ ಇಟ್ಟಿದ್ದೇನೆ.
— ಕನ್ನಡ ಶಿಕ್ಷಕಿ, ಹೊಳಲ್ಕೆರೆ ತಾಲ್ಲೂಕು

ಸಂಪಾದಕರ ಉತ್ತರ:

ಮೇಡಂ, ಈ ಸಲಕ್ಕೆ ಇಬ್ಬರಿಗೂ 16 ಹಾಕಿ. ಸುಧಾರಣೆಗೆ ಅಂಕ ಉಂಟು ಎಂದು ನೀವು ಮಕ್ಕಳಿಗೆ ಮೊದಲೇ ಹೇಳಿರಲಿಲ್ಲ, ಆದ್ದರಿಂದ ಈಗ ಅದನ್ನು ಸೇರಿಸುವ ಹಾಗಿಲ್ಲ. ಹುಡುಗಿ ಏನೇನು ತಿದ್ದಿಕೊಂಡಳು ಎಂಬುದನ್ನು ಅವಳ ಪುಟದ ಕೆಳಗೆ ಎರಡು ಸಾಲಿನಲ್ಲಿ ಬರೆಯಿರಿ. ಮುಂದಿನ ಎಫ್‌ಎಗೆ ಮಾತ್ರ ಲೆಕ್ಕವನ್ನೇ ಬದಲಿಸಬೇಕು. ಪತ್ರದಲ್ಲಿ ಬಂದಿರುವ ಎರಡು ದಾರಿಗಳೂ ಸರಿಯಿಲ್ಲ.

ಸರಾಸರಿಯನ್ನು ನೋಡಿ. 9 ಮತ್ತು 16ರ ಸರಾಸರಿ ಹನ್ನೆರಡೂವರೆ. ಆ ಅಂಕಕ್ಕೆ ಸರಿಹೊಂದುವ ಪ್ರಬಂಧವನ್ನು ಆ ಹುಡುಗಿ ಬರೆದೇ ಇಲ್ಲ. ಕರಡು ತಪ್ಪು ಮಾಡುವುದಕ್ಕೆ ಇರುವ ಜಾಗ. ಅದಕ್ಕೆ ಅಂಕ ಹಿಡಿದರೆ ಅದೂ ಒಂದು ಪರೀಕ್ಷೆಯೇ ಆಗುತ್ತದೆ. ಹೆಚ್ಚಳಕ್ಕೆ ಬಹುಮಾನ ಕೊಡುವ ದಾರಿಯಲ್ಲಿ ಇನ್ನೊಂದು ತೊಡಕಿದೆ. 9ರಿಂದ ಹೊರಟವಳಿಗೆ ಏರಲು 11 ಅಂಕದಷ್ಟು ಜಾಗವಿದೆ, 16ರಿಂದ ಹೊರಟವನಿಗೆ 4 ಅಂಕದಷ್ಟು. ಒಂದೆರಡು ಸಲ ಹೀಗೆ ನಡೆದರೆ ಜಾಣ ಮಕ್ಕಳು ಮೊದಲ ಕರಡನ್ನು ಬೇಕೆಂದೇ ಕಳಪೆ ಮಾಡಿ ಕೊಡುತ್ತಾರೆ. ಹುಡುಗನ ತಂದೆ ಕೇಳಿದ್ದರಲ್ಲಿ ನ್ಯಾಯವಿದೆ.

ಈಗ ಜೆರಾಕ್ಸ್‌ಗೆ ಬರೋಣ. ಹುಡುಗಿಯ ಕರಡಿನ ಮೊದಲ ಪ್ಯಾರಾ ಹೀಗಿದೆ: ‘ಮಾರಿಕಣಿವೆ ತುಂಬಾ ಹಳೆಯ ಅಣೆಕಟ್ಟು. ಇಲ್ಲಿಗೆ ಬಹಳ ಜನ ಬರುತ್ತಾರೆ. ಇದನ್ನು ಮಹಾರಾಜರು ಕಟ್ಟಿಸಿದರು. ಇದು ಬಹಳ ಅಪರೂಪಕ್ಕೆ ತುಂಬುತ್ತದೆ. ಇದರಿಂದ ರೈತರಿಗೆ ಅನುಕೂಲವಾಗಿದೆ.’ ನೀವು ಮೂರು ಕಡೆ ಕೆಂಪು ಶಾಯಿ ಹಾಕಿದ್ದೀರಿ. ಮೊದಲ ವಾಕ್ಯವನ್ನು ಹೊಡೆದುಹಾಕಿ ಮೇಲೆ ‘ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು’ ಎಂದು ನೀವೇ ಬರೆದಿದ್ದೀರಿ. ‘ಬಹಳ ಅಪರೂಪಕ್ಕೆ’ ಎಂಬುದರ ಪಕ್ಕದಲ್ಲಿ ‘ಎಷ್ಟು ಅಪರೂಪ?’ ಎಂದು ಕೇಳಿದ್ದೀರಿ. ಜನ ಬರುವ ವಾಕ್ಯಕ್ಕೆ ಗೆರೆ ಎಳೆದು ‘ಈ ಮಾತು ಇಲ್ಲೇಕೆ?’ ಎಂದಿದ್ದೀರಿ.

ಎರಡನೇ ಬರಹದಲ್ಲಿ ಮೊದಲ ವಾಕ್ಯ ನೀವು ಬರೆದದ್ದೇ, ಅಕ್ಷರಕ್ಕೆ ಅಕ್ಷರ. ಆದರೆ ನಿಮ್ಮ ‘ಎಷ್ಟು ಅಪರೂಪ?’ ಎಂಬ ಪ್ರಶ್ನೆಗೆ ಅವಳು ಬರೆದದ್ದು ನೋಡಿ: ‘1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬಾಗಿನ ಬಿಡುವುದನ್ನು ನೋಡಲು ನಮ್ಮ ಅಜ್ಜಿ ಹೋಗಿದ್ದಳು. ಅವಳೂ ಅದಕ್ಕೆ ಮುಂಚೆ ಕೋಡಿ ನೋಡಿರಲಿಲ್ಲ.’ ಜನ ಬರುವ ಮಾತನ್ನು ತೆಗೆದು ಈ ವಾಕ್ಯಗಳ ನಂತರ ಇಟ್ಟಿದ್ದಾಳೆ. ಜನ ಏಕೆ ಬರುತ್ತಾರೆ ಎಂಬುದು ಈಗ ತಾನಾಗಿ ತಿಳಿಯುತ್ತದೆ. ಇಷ್ಟಕ್ಕೇ ನಿಂತಿಲ್ಲ. ‘ರೈತರಿಗೆ ಅನುಕೂಲ’ ಎಂಬ ವಾಕ್ಯಕ್ಕೆ ನೀವು ಕೆಂಪು ಶಾಯಿ ಮುಟ್ಟಿಸಿರಲಿಲ್ಲ. ಅದನ್ನು ಅವಳೇ ‘ಹಿರಿಯೂರು ಕಡೆಯ ತೆಂಗು, ಅಡಿಕೆ ತೋಟಗಳಿಗೆ ಇದರ ನಾಲೆ ನೀರೇ ಆಧಾರ’ ಎಂದು ಬದಲಿಸಿದ್ದಾಳೆ. ಒಂದು ಕಡೆ ಕೇಳಿದ ಪ್ರಶ್ನೆಯನ್ನು ಇನ್ನೊಂದು ಕಡೆ ತನಗೆ ತಾನೇ ಕೇಳಿಕೊಂಡಿದ್ದಾಳೆ. ಇಡೀ ಪುಟದಲ್ಲಿ ಕಲಿಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ವಾಕ್ಯದಲ್ಲಿ.

ಹಾಗಾಗಿ ಮುಂದಿನ ಸಲ 20 ಅಂಕವನ್ನು ಹೀಗೆ ಒಡೆಯಿರಿ. 16 ಅಂಕ ಕೊನೆಯ ಬರಹಕ್ಕೆ: ವಿಷಯಕ್ಕೆ 6, ಜೋಡಣೆಗೆ 5, ಭಾಷೆಗೆ 5. ಉಳಿದ 4 ತಿದ್ದುವ ಕೆಲಸಕ್ಕೆ. ಪ್ರತಿ ಮಗುವಿಗೂ, ಚೆನ್ನಾಗಿ ಬರೆದವರಿಗೂ ಬರೆಯದವರಿಗೂ, ಮೂರೇ ಮೂರು ಟಿಪ್ಪಣಿ ಕೊಡಿ. ಒಂದೊಂದನ್ನು ಮಗು ತಾನೇ ಯೋಚಿಸಿ ತಿದ್ದಿದ್ದರೆ ಒಂದೊಂದು ಅಂಕ. ನಾಲ್ಕನೆಯ ಅಂಕ, ನೀವು ತೋರಿಸದ ಜಾಗದಲ್ಲಿ ತಾನಾಗಿ ಕಂಡುಕೊಂಡು ಮಾಡಿದ ಒಂದು ಬದಲಾವಣೆಗೆ. ಟಿಪ್ಪಣಿ ಒಪ್ಪದಿದ್ದರೆ ಕಾರಣ ಬರೆದು ಹಾಗೇ ಬಿಡಬಹುದು ಎಂದೂ ಹೇಳಿ. ಕೊನೆಯ ಪ್ಯಾರಾವನ್ನು ಮೇಲಕ್ಕೆ ತರಲು ನೀವು ಹೇಳಿ, ‘ತಂದರೆ 2022ರ ವಿಷಯ ಎರಡು ಸಲ ಬರುತ್ತದೆ’ ಎಂದು ಮಗು ಬರೆದರೆ ಆ ಅಂಕ ಪೂರ್ತಿ ಕೊಡಿ.

ಈ ಅಳತೆಯಲ್ಲಿ ಹುಡುಗಿಗೆ ವಿಷಯಕ್ಕೆ 5, ಭಾಷೆಗೆ 4. ಜೋಡಣೆಗೂ 4 ಮಾತ್ರ, ಏಕೆಂದರೆ ತಿದ್ದುವಾಗ ಒಂದು ಕಡೆ ಕೆಟ್ಟಿದೆ: ಮಹಾರಾಜರ ವಾಕ್ಯ ತೆಗೆದಿದ್ದಾಳೆ, ಆದರೆ ಎರಡನೇ ಪ್ಯಾರಾದಲ್ಲಿ ‘ಅವರನ್ನು ಜನ ಇಂದಿಗೂ ನೆನೆಯುತ್ತಾರೆ’ ಎಂಬುದು ಹಾಗೇ ಉಳಿದಿದೆ. ಯಾರನ್ನು ಎಂದು ಓದುವವರಿಗೆ ತಿಳಿಯುವುದಿಲ್ಲ. ಕೆಂಪು ಗೆರೆ ಇದ್ದ ಜಾಗಗಳನ್ನಷ್ಟೇ ಹುಡುಕಿ ನೋಡುವ ಶಿಕ್ಷಕರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಒಟ್ಟು 13 ಆಯಿತು. ತಿದ್ದುವ ಕೆಲಸದಲ್ಲಿ ಎರಡು ಪ್ರಶ್ನೆಗಳಿಗೆ 2, ತೋಟದ ವಾಕ್ಯಕ್ಕೆ 1. ನಕಲಿಸಿದ ಮೊದಲ ವಾಕ್ಯಕ್ಕೆ ಏನೂ ಇಲ್ಲ. ಅದು ಅವಳ ತಪ್ಪಲ್ಲ: ಉತ್ತರವನ್ನು ನೀವೇ ಬರೆದುಕೊಟ್ಟ ಮೇಲೆ ಅವಳಿಗೆ ಮಾಡಲು ಕೆಲಸ ಉಳಿದಿರಲಿಲ್ಲ. ಅಲ್ಲಿ ‘ಹಳೆಯದು ಎಂದರೆ ಯಾವಾಗಿನದು? ಯಾವ ನದಿಗೆ?’ ಎಂದು ಕೇಳಿ ಬಿಟ್ಟಿದ್ದರೆ ಆ ಅಂಕವೂ ಅವಳ ಕೈಗೆ ಎಟುಕುತ್ತಿತ್ತು. ಕಾಗುಣಿತ ತಪ್ಪುಗಳಿಗೆ ಅಡಿಗೆರೆ ಸಾಕು; ಅವನ್ನು ಈ ಮೂರರಲ್ಲಿ ಸೇರಿಸಬೇಡಿ, ಅವು ಭಾಷೆಯ 5 ಅಂಕದೊಳಗೆ ಬರುತ್ತವೆ.

ಹುಡುಗನ ವಿಷಯದಲ್ಲಿ ಅನ್ಯಾಯ ಆದದ್ದು ಅಂಕ ಹಾಕುವಾಗ ಅಲ್ಲ, ಅದಕ್ಕಿಂತ ಮುಂಚೆ. ಅವನ ಪುಟದ ಮೇಲೆ ಎರಡು ಅಡಿಗೆರೆ ಮತ್ತು ‘ಉತ್ತಮ’ ಎಂಬ ಒಂದು ಪದವಿದೆ. ಅವನು ಎರಡು ಕಾಗುಣಿತ ತಿದ್ದಿದ, ಕೇಳಿದ್ದೇ ಅಷ್ಟು. ಚೆನ್ನಾಗಿ ಬರೆಯುವವರಿಗೆ ಕಷ್ಟದ ಟಿಪ್ಪಣಿ ಬೇಕು. ಅವನ ಬರಹದಲ್ಲಿ ಮಾರಿಕಣಿವೆಯ ಮಾಹಿತಿ ಸೊಗಸಾಗಿ ಕೂತಿದೆ, ಆದರೆ ಎರಡನೇ ಮತ್ತು ಮೂರನೇ ಪ್ಯಾರಾಗಳನ್ನು ಅದಲುಬದಲು ಮಾಡಿದರೂ ಏನೂ ವ್ಯತ್ಯಾಸವಾಗುವುದಿಲ್ಲ. ‘ಮೂರನೆಯದು ಎರಡನೆಯದರ ನಂತರವೇ ಏಕೆ ಬರಬೇಕು?’ ಎಂಬ ಒಂದೇ ಪ್ರಶ್ನೆ ಅವನನ್ನು ಅರ್ಧ ಗಂಟೆ ಕೂರಿಸುತ್ತಿತ್ತು. ಹೊಸ ಲೆಕ್ಕದಲ್ಲಿ ಅವನ ಈಗಿನ ಬರಹಕ್ಕೂ 16ಕ್ಕೆ 13 ಬರುತ್ತದೆ. ಮೂರು ಒಳ್ಳೆಯ ಟಿಪ್ಪಣಿ ಸಿಕ್ಕಿದ್ದರೆ ಅವನಿಗೂ 4 ಅಂಕದ ದಾರಿ ಪೂರ್ತಿ ತೆರೆದಿರುತ್ತಿತ್ತು, ಬರಹದ 13 ಕೂಡ ಏರುತ್ತಿತ್ತು.

ಕರಡಿನ ಮೇಲೆ ಅಂಕ ಬರೆಯಲೇಬೇಡಿ, ನಿಮ್ಮ ಪುಸ್ತಕದಲ್ಲೂ ಬೇಡ. 1988ರಲ್ಲಿ ಶಿಕ್ಷಣ ಮನೋವಿಜ್ಞಾನಿ ರೂತ್ ಬಟ್ಲರ್ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು; ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಅಂಕ ಇದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ನಿಮ್ಮ ಹುಡುಗನೂ ‘16 ಬಂತು, ಸಾಕು’ ಎಂದುಕೊಂಡಿದ್ದರೆ ಅದು ಅಂಕ ಮಾಡಿದ ಕೆಲಸ.

ಎರಡನೇ ಸಲ ಓದುವಾಗ ಕ್ರಮ ಮುಖ್ಯ. ಮೊದಲು ಕೊನೆಯ ಬರಹವನ್ನು ಮಾತ್ರ ಓದಿ, ಕರಡು ತೆರೆಯದೆ 16ಕ್ಕೆ ಅಂಕ ಹಾಕಿ ಮುಗಿಸಿ. 42 ಪುಟವೂ ಆದ ಮೇಲೆ ಕರಡುಗಳನ್ನು ಎದುರಿಟ್ಟುಕೊಂಡು 4 ಅಂಕಕ್ಕೆ ಕೂರಿ. ಕರಡನ್ನು ಮೊದಲು ನೋಡಿದರೆ ಅದರ ದೋಷಗಳ ಎದುರು ಎರಡನೆಯದು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಕೈ ತಾನಾಗಿ ಒಂದೆರಡು ಅಂಕ ಹೆಚ್ಚು ಹಾಕುತ್ತದೆ. ನಿಮಗೆ 18 ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಹುಡುಕುವ ಕೆಲಸ ಹಗುರವಾಗಲು ಕರಡನ್ನು ಎಡಪುಟದಲ್ಲಿ ಬರೆಸಿ, ಬಲಪುಟ ಖಾಲಿ ಬಿಡಿಸಿ. ತಿದ್ದಿದ ಬರಹ ಬಲಕ್ಕೆ ಬರಲಿ. ಎಡಪುಟದಲ್ಲಿ ರಬ್ಬರ್, ವೈಟ್ನರ್ ಬೇಡ. ಜೊತೆಗೆ ಕಾಲು ಹಾಳೆಯ ಒಂದು ಚೀಟಿ: ಟಿಪ್ಪಣಿ 1, 2, 3ಕ್ಕೆ ಏನು ಮಾಡಿದೆ, ಎಷ್ಟನೇ ಸಾಲಿನಲ್ಲಿ, ಕೊನೆಗೆ ‘ನಾನೇ ಕಂಡುಕೊಂಡದ್ದು’ ಎಂಬ ಒಂದು ಸಾಲು. ಚೀಟಿಯಲ್ಲಿ ‘ಸರಿಪಡಿಸಿದ್ದೇನೆ’ ಎಂದಷ್ಟೇ ಇದ್ದರೆ ಆ ಸಾಲಿಗೆ ಹೋಗಿ ನೋಡದೆ ಅಂಕ ಕೊಡಬೇಡಿ. ಕರಡಿಗೆ ತಲಾ ಐದು ನಿಮಿಷ ಹಿಡಿದರೆ 42 ಮಕ್ಕಳಿಗೆ ಮೂರೂವರೆ ಗಂಟೆ. ಎಫ್‌ಎಯ ಎಲ್ಲ ಚಟುವಟಿಕೆಗೂ ಇದು ಆಗದ ಮಾತು. ವರ್ಷಕ್ಕೆ ಎರಡು ಪ್ರಬಂಧಕ್ಕೆ ಮಾಡಿದರೆ ಸಾಕು, ತಿದ್ದುವ ಅವಕಾಶವೂ ಒಂದೇ ಸಲ ಇರಲಿ.

ತಿದ್ದುವುದನ್ನು ಮನೆಗೆ ಕೊಡಬೇಡಿ, ಒಂದು ಪೀರಿಯಡ್ ತರಗತಿಯಲ್ಲೇ ಮಾಡಿಸಿ. ಟ್ಯೂಷನ್ ಇರುವ ಮಗುವಿಗೂ, ಸಂಜೆ ಎಮ್ಮೆ ಮೇಯಿಸುವ ಮಗುವಿಗೂ ಆಗ ಸಿಗುವ ಸಮಯ, ಸಹಾಯ ಎರಡೂ ಒಂದೇ. ಅಂಕಿ ಅಂಶ ಬೇಕಾಗುವ ಪ್ರಶ್ನೆ ಕೇಳಿದ್ದರೆ ಮಾತ್ರ ಹಿಂದಿನ ದಿನವೇ ಪುಸ್ತಕ ಹಿಂತಿರುಗಿಸಿ, ವಿಚಾರಿಸಿಕೊಂಡು ಬರಲಿ. ಒಂದು ವಾಕ್ಯ ಮಗುವಿನದಲ್ಲ ಅನ್ನಿಸಿದರೆ ‘ಇದನ್ನು ಇಲ್ಲಿಗೆ ಏಕೆ ತಂದೆ?’ ಎಂದು ಪಕ್ಕಕ್ಕೆ ಕರೆದು ಕೇಳಿ. ತಾನೇ ಬರೆದವರು ತೊದಲುತ್ತಲಾದರೂ ಕಾರಣ ಹೇಳುತ್ತಾರೆ.

ಹುಡುಗನ ತಂದೆಗೆ ಈಗ ಹೇಳಬೇಕಾದದ್ದು ಇಷ್ಟು: ಮಗನ 16 ಹಾಗೇ ಇದೆ, ಹುಡುಗಿಗೂ 16, ಎರಡೂ ಬರಹಗಳನ್ನು ಒಂದೇ ಅಳತೆಯಲ್ಲಿ ನೋಡಿದ್ದೇನೆ. ಆಮೇಲೆ ಮೂರನೇ ಪ್ಯಾರಾದ ಆ ಪ್ರಶ್ನೆಯನ್ನು ಅವನ ಪುಟದಲ್ಲಿ ಬರೆದು ಕಳಿಸಿ.