ಕಪ್ಪು ಮೂತ್ರ, ಹಳದಿ ಕಣ್ಣು: ಕೆಂಪು ಕಣ ಒಡೆದದ್ದು ಎಲ್ಲಿ?

*ಸಂಪಾದಕರೇ, ನನ್ನ ಅಕ್ಕನ ಮಗ ಮಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ವೈವಾಕ್ಸ್ ಮಲೇರಿಯಾ ಬಂತು. ಪ್ರೈಮಾಕ್ವಿನ್ ಶುರು ಮಾಡಿದ ಮೂರನೇ ದಿನ ಮೂತ್ರ ಹಾಲು ಹಾಕದ ಚಾದ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು. ಒಬ್ಬ ಡಾಕ್ಟರು ರಕ್ತನಾಳದೊಳಗೇ ಕಣ ಒಡೆದಿದೆ ಎಂದರು, ಇನ್ನೊಬ್ಬರು ಗುಲ್ಮದಲ್ಲಿ ಎಂದರು. ಜಿ6ಪಿಡಿ ಕೊರತೆ ಇರಬಹುದು ಎಂದು ಟೆಸ್ಟ್ ಮಾಡಿಸಿದರೆ ನಾರ್ಮಲ್ ಬಂದಿದೆ. ಯಾರನ್ನು ನಂಬುವುದು?*
*– ಬದಿಯಡ್ಕದ ಓದುಗರು*

ಇಬ್ಬರನ್ನೂ ನಂಬಿ. ಟೆಸ್ಟನ್ನು ಮಾತ್ರ ಸದ್ಯಕ್ಕೆ ನಂಬಬೇಡಿ.

ಜಿ6ಪಿಡಿ ಒಂದು ಕಿಣ್ವ. ಆಕ್ಸಿಜನ್ನಿಂದ ಆಗುವ ಹಾನಿಯನ್ನು ತಡೆಯಲು ಕೆಂಪು ಕಣಕ್ಕೆ ಗ್ಲುಟಥಯೋನ್ ಎಂಬ ವಸ್ತು ಬೇಕು. ಅದನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಇಡಲು ಬೇಕಾದ ಸರಕನ್ನು ಒದಗಿಸುವುದು ಈ ಕಿಣ್ವ. ಬೇರೆ ಜೀವಕೋಶಗಳಿಗೆ ಆ ಸರಕು ತಯಾರಿಸಲು ಇನ್ನೂ ದಾರಿಗಳಿವೆ, ಕೆಂಪು ಕಣಕ್ಕೆ ಇದೊಂದೇ. ಹಾಗಾಗಿ ಕಿಣ್ವ ಕಡಿಮೆ ಇರುವವನು ಸುಮ್ನೆ ಇದ್ದಾಗ ಆರಾಮಾಗಿಯೇ ಇರುತ್ತಾನೆ. ಪ್ರೈಮಾಕ್ವಿನ್ ಅಥವಾ ಡ್ಯಾಪ್ಸೋನ್‌ನಂಥ ಔಷಧಿ ಹೊಟ್ಟೆಗೆ ಹೋದಾಗ ತೊಂದರೆ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಕಣ ಒಡೆಯತೊಡಗುತ್ತದೆ, ನಿಮ್ಮ ಅಳಿಯನಿಗೆ ಆದದ್ದೂ ಹಾಗೆಯೇ.

ಹಾನಿಯಾದ ಹಿಮೋಗ್ಲೋಬಿನ್ ಗಟ್ಟಿಯಾಗಿ ಕಣದ ಪೊರೆಗೆ ಅಂಟಿಕೊಳ್ಳುತ್ತದೆ. ಈ ಗಂಟುಗಳಿಗೆ ಹೈನ್ಸ್ ಬಾಡಿ ಎನ್ನುತ್ತಾರೆ. ಇಲ್ಲಿಂದ ಕಣ ಎರಡು ರೀತಿಯಲ್ಲಿ ಸಾಯುತ್ತದೆ. ಪೆಟ್ಟು ಜಾಸ್ತಿಯಾದರೆ ಪೊರೆಯೇ ಹರಿದು, ರಕ್ತ ಹರಿಯುತ್ತಿರುವಾಗಲೇ ಒಡೆದುಹೋಗುತ್ತದೆ. ಪೆಟ್ಟು ಕಡಿಮೆಯಾದರೆ ಗುಲ್ಮದವರೆಗೆ ತಲುಪುತ್ತದೆ. ಅಲ್ಲಿ ಕೆಟ್ಟ ಕಣಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಆ ಗಂಟನ್ನು ಕಿತ್ತು ತೆಗೆಯುತ್ತವೆ, ಇಲ್ಲವೇ ಇಡೀ ಕಣವನ್ನೇ ನುಂಗುತ್ತವೆ. ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದಾಗ ಅಂಚು ಕಚ್ಚಿದಂತೆ ಕಾಣುವ ಕಣಗಳು ಸಿಗುವುದು ಇದರಿಂದಲೇ. ಒಬ್ಬನೇ ಮನುಷ್ಯನಲ್ಲಿ, ಒಂದೇ ದಿನ, ಇವೆರಡೂ ನಡೆಯಬಹುದು.

ಹಾಗಾದರೆ ರಕ್ತನಾಳದ ಒಳಗೂ ಒಡೆದಿದೆ ಎಂದು ಹೇಗೆ ಗೊತ್ತಾಯಿತು? ಮೂತ್ರದ ಬಣ್ಣದಿಂದ. ಗುಲ್ಮದಲ್ಲಿ ಕಣ ಸತ್ತರೆ ಹಿಮೋಗ್ಲೋಬಿನ್ ಮ್ಯಾಕ್ರೋಫೇಜಿನ ಹೊಟ್ಟೆಯಲ್ಲೇ ಜೀರ್ಣವಾಗಿ ಬಿಲಿರುಬಿನ್ ಆಗುತ್ತದೆ. ಲಿವರ್ ಇನ್ನೂ ಮುಟ್ಟದ ಈ ಬಿಲಿರುಬಿನ್ (ರಿಪೋರ್ಟಿನಲ್ಲಿ ‘ಇನ್‌ಡೈರೆಕ್ಟ್’ ಎಂದಿರುತ್ತದೆ) ಮೂತ್ರಕ್ಕೆ ಹೋಗುವುದಿಲ್ಲ, ಕಣ್ಣನ್ನು ಹಳದಿ ಮಾಡುತ್ತದೆ. ರಕ್ತನಾಳದಲ್ಲಿ ಒಡೆದರೆ ಹಿಮೋಗ್ಲೋಬಿನ್ ನೇರವಾಗಿ ರಕ್ತದ ನೀರಿಗೆ ಬೀಳುತ್ತದೆ. ಮೊದಲು ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಳ್ಳುತ್ತದೆ. ಅದು ಖಾಲಿಯಾದ ಮೇಲೆ ಉಳಿದದ್ದು ಕಿಡ್ನಿಯಿಂದ ಸೋರಿ ಮೂತ್ರ ಕಪ್ಪಾಗುತ್ತದೆ. ಹಳದಿ ಕಣ್ಣು ಎರಡೂ ದಾರಿಯಲ್ಲಿ ಬರಬಹುದು. ಹಿಮೋಗ್ಲೋಬಿನ್ನಿನ ಈ ಕಪ್ಪು ಬರುವುದು ಎರಡನೆಯದರಲ್ಲಿ ಮಾತ್ರ.

ಖಾತ್ರಿ ಮಾಡಿಕೊಳ್ಳುವುದು ಕಷ್ಟವಲ್ಲ. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ‘ರಕ್ತ ಇದೆ’ ಎಂದು ಬರುತ್ತದೆ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ಕಣಗಳೇ ಇರುವುದಿಲ್ಲ. ಸ್ನಾಯು ಜಜ್ಜಿದಾಗಲೂ ಹೀಗೆ ಆಗುವುದುಂಟು, ಆದರೆ ಅದರಲ್ಲಿ ಕಣ್ಣು ಹಳದಿಯಾಗಿ ಹಿಮೋಗ್ಲೋಬಿನ್ ಇಳಿಯುವುದಿಲ್ಲ. ಹ್ಯಾಪ್ಟೋಗ್ಲೋಬಿನ್ ಕಡಿಮೆ ಬಂತು ಎಂಬುದೊಂದರಿಂದ ಮಾತ್ರ ತೀರ್ಮಾನಿಸಬಾರದು, ಗುಲ್ಮದ ಕಡೆಯ ಒಡೆತದಲ್ಲೂ ಅದು ಇಳಿಯುತ್ತದೆ. ಅವನಿಗೆ ಕ್ರಿಯಾಟಿನಿನ್ ನೋಡಿಸಿದ್ದಾರಾ? ಬಿಡಿ ಹಿಮೋಗ್ಲೋಬಿನ್ ಕಿಡ್ನಿಗೆ ಒಳ್ಳೆಯದಲ್ಲ. ಇನ್ನೊಂದು ಮಾತು. ಹಳದಿ ಕಂಡ ಕೂಡಲೇ ನಮ್ಮ ಕಡೆ ನೆಲನೆಲ್ಲಿ ಅರೆದು ಕುಡಿಸುವವರಿದ್ದಾರೆ. ಇಲ್ಲಿ ಲಿವರಿನದು ತಪ್ಪೇ ಇಲ್ಲ.

ಈಗ ಟೆಸ್ಟ್. ಕಣಕ್ಕೆ ವಯಸ್ಸಾದಂತೆ ಅದರೊಳಗಿನ ಜಿ6ಪಿಡಿ ಕಡಿಮೆಯಾಗುತ್ತದೆ. ಕೆಂಪು ಕಣ ಬದುಕುವುದು ಸುಮಾರು 120 ದಿನ. ಔಷಧಿ ಮೊದಲು ಸಾಯಿಸುವುದು ಹಳೆಯವನ್ನು. ಉಳಿದ ಎಳೆಯ ಕಣಗಳಲ್ಲಿ, ಮಜ್ಜೆಯಿಂದ ಹೊಸದಾಗಿ ಬರುವವುಗಳಲ್ಲಿ, ಕಿಣ್ವ ಜಾಸ್ತಿ ಇರುತ್ತದೆ. ಒಡೆತದ ದಿನಗಳಲ್ಲಿ ರಕ್ತ ತೆಗೆದರೆ ನೀವು ಅಳೆಯುವುದು ಬದುಕಿ ಉಳಿದವುಗಳನ್ನು ಮಾತ್ರ ಅಲ್ವಾ? ಹಾಗಾಗಿ ನಾರ್ಮಲ್ ಬಂದರೆ ಆಶ್ಚರ್ಯವಿಲ್ಲ. ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ, ರಕ್ತ ಹಾಕಿದ್ದರೆ ಅದನ್ನೂ ಹೇಳಿ. ಅಲ್ಲಿಯವರೆಗೆ ಕೊರತೆ ಇದೆ ಎಂದೇ ಹಿಡಿದುಕೊಳ್ಳಿ. ಅಂದ ಹಾಗೆ, ಈ ಕೊರತೆಯಲ್ಲಿ ಭಾರತದಲ್ಲಿ ಸಾಮಾನ್ಯವಾಗಿ ಕಾಣುವ ಮೂರು ಬಗೆಗಳಲ್ಲಿ ಒಂದರ ಹೆಸರೇ ‘ಕೇರಳ-ಕಲ್ಯಾಣ್’. ಉಳಿದವು ಮೆಡಿಟರೇನಿಯನ್ ಮತ್ತು ಒರಿಸ್ಸಾ.

ಪ್ರೈಮಾಕ್ವಿನ್ ನಿಲ್ಲಿಸಿದ್ದರೆ ಅದು ಸರಿ, ಆದರೆ ವೈವಾಕ್ಸ್ ಲಿವರಿನಲ್ಲಿ ಅಡಗಿ ಮತ್ತೆ ಜ್ವರ ತರಬಹುದು. ಕೊರತೆ ಇರುವವರಿಗೆ ಇದೇ ಪ್ರೈಮಾಕ್ವಿನ್ನನ್ನು ಮೈತೂಕದ ಕಿಲೋಗೆ 0.75 ಮಿಲಿಗ್ರಾಂನಂತೆ ವಾರಕ್ಕೊಮ್ಮೆ, 8 ವಾರ, ನಿಗಾದಲ್ಲಿ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಪೆಟ್ಟಾದ ಹುಡುಗನಿಗೆ ಅದು ಬೇಕೇ ಎಂಬುದನ್ನು ಡಾಕ್ಟರೇ ತೀರ್ಮಾನಿಸಬೇಕು. ಜ್ವರ ಮರುಕಳಿಸಿದರೆ ತಡಮಾಡದೆ ರಕ್ತ ತೋರಿಸಿ.

ನಿಮ್ಮದೇ ವಿಷಯವೂ ಇದೆ. ಈ ಕೊರತೆಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡು ಮಗನಿಗೆ ಅದು ಬರುವುದು ತಾಯಿಯಿಂದ. ಅಳಿಯಕಟ್ಟಿನ ಆಸ್ತಿಯ ಹಾಗೆ ಇದೂ ಹೆಣ್ಣಿನ ದಾರಿಯಲ್ಲೇ ಸೋದರಮಾವನಿಂದ ಅಳಿಯನವರೆಗೆ ಸಿಗುತ್ತಾ ಹೋಗುವುದುಂಟು. ಅಕ್ಕನಿಗೆ ನಿಮ್ಮ ತಾಯಿಯಿಂದ ಬಂದಿದ್ದರೆ ನಿಮಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ನೀವು ಆರೋಗ್ಯವಾಗಿರುವಾಗಲೇ ಟೆಸ್ಟ್ ಮಾಡಿಸಿ. ನಿಮಗೆ ಇದ್ದರೆ ಗಂಡುಮಕ್ಕಳಿಗೆ ನಿಮ್ಮಿಂದ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರಿಗೂ ಹೋಗಿರುತ್ತದೆ.

– ಸಂ.