1024ಕ್ಕೆ ಇಳಿಸಿದ ಪರದೆಯಲ್ಲಿ ಕಾಣೆಯಾದ ಒಂದು ಗೀಟು

ಪ್ರಶ್ನೆ: ನನ್ನದು ಹದಿನೆಂಟೂವರೆ ಇಂಚಿನ ಹಳೆಯ ಮಾನಿಟರ್, 1366×768. ಅಕ್ಷರ ದೊಡ್ಡದಾಗಿ ಕಾಣಲಿ ಎಂದು 1024×768ಕ್ಕೆ ಇಟ್ಟರೆ ಎಲ್ಲವೂ ಮಸುಕಾಗುತ್ತದೆ. ಯಾವ ರೆಸಲ್ಯೂಷನ್ ಇಟ್ಟರೆ ದೊಡ್ಡದಾಗಿಯೂ ಸ್ಪಷ್ಟವಾಗಿಯೂ ಕಾಣುತ್ತದೆ? ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆ?

ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿ ಇದೆ. ಹಗಲೆಲ್ಲ ಅಫಿಡವಿಟ್ಟು ಮತ್ತು ಅರ್ಜಿಗಳ ಟೈಪಿಂಗ್ ನಡೆಯುತ್ತದೆ, ಮದುವೆಯ ಕಾಲ ಬಂದರೆ ಲಗ್ನಪತ್ರಿಕೆಗಳ ಕೆಲಸ. ಮೈಸೂರಿನಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಬ್ರೌಸಿಂಗ್ ಸೆಂಟರಿನಿಂದ ನಾನು ಸೆಕೆಂಡ್ ಹ್ಯಾಂಡಿನಲ್ಲಿ ತಂದ ಮಾನಿಟರ್ ಕೂಡ ಹದಿನೆಂಟೂವರೆ ಇಂಚಿನದೇ, 1366×768ರದೇ. ನಲವತ್ತೈದು ದಾಟಿದ ಕಣ್ಣಿಗೆ ಅಕ್ಷರ ಸಣ್ಣದೆನಿಸಿ, ನೀವು ಮಾಡಿರುವುದನ್ನೇ ನಾನೂ ಮಾಡಿದೆ. ಅಕ್ಷರ ದೊಡ್ಡದಾಯಿತೆಂದು ನಂಬಿ, ಅಂಚುಗಳು ಮಸುಕಾದದ್ದನ್ನು ಮಾನಿಟರಿನ ವಯಸ್ಸಿನ ಮೇಲೆ ಹೊರಿಸಿ, ಒಂದೂವರೆ ವರ್ಷ ಹಾಗೆಯೇ ಕೆಲಸ ಮಾಡಿದೆ.

ಆಮೇಲೆ ಒಂದು ಮದುವೆಯ ಪತ್ರಿಕೆ ಬಂತು. ಹುಡುಗಿಯ ಹೆಸರು ಸುಧಾ. ನುಡಿ ಕೀಲಿಮಣೆಯಲ್ಲಿ ಬರಿಯ d ಒತ್ತಿದರೆ ದ, ಶಿಫ್ಟ್ ಹಿಡಿದು ಒತ್ತಿದರೆ ಧ. ನನ್ನ ಬೆರಳು ಶಿಫ್ಟನ್ನು ಸರಿಯಾಗಿ ಹಿಡಿಯಲಿಲ್ಲ. ಇಂಥ ತಪ್ಪು ದಿನಕ್ಕೆ ಹತ್ತು ಸಲ ಆಗುತ್ತದೆ, ಹತ್ತು ಸಲವೂ ಕಣ್ಣು ಹಿಡಿದು ತಿದ್ದುತ್ತದೆ. ಆದರೆ ನನ್ನ ಪರದೆಯಲ್ಲಿ ಆ ಹೊತ್ತಿಗೆ ದ ಮತ್ತು ಧ ಎರಡೂ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತಿದ್ದವು. ಹುಡುಗಿಯ ತಂದೆಯನ್ನೇ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಪರದೆಯನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿ, "ಎಲ್ಲಾ ಸರ್ಯಾಗದೆ ಕಣಪ್ಪ, ಒಡುದ್ಬುಡು" ಎಂದರು. ಐನೂರು ಪತ್ರಿಕೆಗಳಲ್ಲಿ "ಸುದಾ" ಎಂದು ಅಚ್ಚಾಯಿತು. ಕಾರ್ಡು, ಅಚ್ಚಿನ ಕೂಲಿ ಎಲ್ಲವನ್ನೂ ನನ್ನ ಕೈಯಿಂದಲೇ ಹಾಕಿ ಮತ್ತೆ ಐನೂರು ಹೊಡೆಸಿಕೊಟ್ಟೆ.

ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಕೆಳಗಡೆಯ ಒಂದು ಸಣ್ಣ ನಿಲುವು ಗೀಟು ಮಾತ್ರ. ಹದಿನಾಲ್ಕು ಪಾಯಿಂಟಿನ ಅಕ್ಷರಕ್ಕೆ ಪರದೆಯ ಮೇಲೆ, ನೂರು ಶೇಕಡಾ ನೋಟದಲ್ಲಿ, ಸುಮಾರು 19 ಪಿಕ್ಸೆಲ್ ಎತ್ತರ ಸಿಗುತ್ತದೆ. ಅದರಲ್ಲಿ ಈ ಗೀಟಿನ ಅಗಲ ಒಂದೇ ಒಂದು ಪಿಕ್ಸೆಲ್. ನಿಮ್ಮ ಮಾನಿಟರಿನ ಗಾಜಿನ ಹಿಂದೆ ಅಡ್ಡಕ್ಕೆ 1366 ಚುಕ್ಕೆಗಳು ಕಾರ್ಖಾನೆಯಲ್ಲೇ ಕೂರಿಸಿದಂತೆ ಇವೆ, ಅವು ಅತ್ತಿತ್ತ ಸರಿಯುವುದಿಲ್ಲ. ಹಳೆಯ ಗಾಜಿನ ಕೊಳವೆಯ ಮಾನಿಟರುಗಳಲ್ಲಿ ಹೀಗೆ ಒಂದಕ್ಕೊಂದು ಕಟ್ಟುಬಿದ್ದ ಲೆಕ್ಕವಿರಲಿಲ್ಲ, ಆದ್ದರಿಂದ ರೆಸಲ್ಯೂಷನ್ ಬದಲಿಸಿದರೆ ಅಷ್ಟಾಗಿ ಮಸುಕಾಗುತ್ತಿರಲಿಲ್ಲ. ನಮ್ಮ ಕೈಗೆ ಹತ್ತಿದ ಅಭ್ಯಾಸ ಆ ಕಾಲದ್ದು. ಎಲ್.ಸಿ.ಡಿ.ಯಲ್ಲಿ 1024 ಚುಕ್ಕೆಗಳ ಚಿತ್ರ ಕಳುಹಿಸಿದರೆ, ಮಾನಿಟರ್ ಅದನ್ನು 1366 ಚುಕ್ಕೆಗಳ ಮೇಲೆ ಎಳೆದು ಹರಡಬೇಕಾಗುತ್ತದೆ. ಲೆಕ್ಕ ಹಾಕಿದರೆ ಮೂರು ಪಿಕ್ಸೆಲ್‌ಗಳನ್ನು ನಾಲ್ಕು ಚುಕ್ಕೆಗಳಿಗೆ ಹಂಚಿದಂತೆ.

ಮೂರು ಮುದ್ದೆಯನ್ನು ನಾಲ್ಕು ತಟ್ಟೆಗೆ ಹಂಚುವಾಗ ಯಾವ ತಟ್ಟೆಗೂ ಇಡೀ ಮುದ್ದೆ ಬೀಳುವುದಿಲ್ಲ. ಮಾನಿಟರ್ ಪಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆದು ತುಂಬುತ್ತದೆ. ಸಾಮಾನ್ಯವಾದ ಸರಾಸರಿಯ ಕ್ರಮದಲ್ಲಿ, ಮೂರರ ಗುಂಪಿನಲ್ಲಿ ನಡುವಿನ ಪಿಕ್ಸೆಲ್ ಕಪ್ಪಾಗಿದ್ದರೆ, ಅದು ಎರಡು ಚುಕ್ಕೆಗಳ ಮೇಲೆ ಹರಡಿ ಎರಡೂ ಶೇಕಡಾ ಅರವತ್ತರಷ್ಟು ಕಪ್ಪಿನ ಬೂದಿಬಣ್ಣವಾಗುತ್ತವೆ. ಅಂಚಿನ ಪಿಕ್ಸೆಲ್ ಕಪ್ಪಾಗಿದ್ದರೆ ಒಂದು ಚುಕ್ಕೆ ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿದು, ಅದರ ಎರಡೂ ಮಗ್ಗುಲಲ್ಲಿ ನೆರಳು ಬೀಳುತ್ತದೆ. ಹೀಗಾಗಿ ಒಂದೇ ಸಾಲಿನಲ್ಲಿ ಬರುವ ಎರಡು ಧಗಳು ಬೇರೆ ಬೇರೆಯಾಗಿ ಕಾಣುತ್ತವೆ, ಒಂದರ ಗೀಟು ಗಟ್ಟಿ, ಇನ್ನೊಂದರದು ಕಲೆಯಂತೆ. ಅಚ್ಚಿನ ಚುಕ್ಕೆ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಪರದೆಗೆ ಹಿಡಿದು ನಾನು ಇದನ್ನು ಕಣ್ಣಾರೆ ಕಂಡೆ. ಗೀಟಿನ ಜಾಗದಲ್ಲಿ ಎರಡು ಬೂದಿ ಕಂಬಗಳು ಅಕ್ಷರದ ಹೊಟ್ಟೆಯೊಳಗೆ ಕರಗಿಹೋಗಿದ್ದವು.

ಗೌರಿ ಹಬ್ಬಕ್ಕೆ ಬಂದಿದ್ದ ನನ್ನ ಅಕ್ಕನ ಮಗ ಒಂದು ಮಾತು ಹೇಳಿದ: "ಅಕ್ಸರ ದೊಡ್ಡದಾಗಿಲ್ಲ ಮಾವ, ಬರೀ ಅಗ್ಲ ಆಗವೆ." ನನಗೆ ಮೊದಲು ಕೋಪ ಬಂತು. ಆಮೇಲೆ ಸ್ಕೇಲ್ ಹಿಡಿದು ಅಳೆದೆ. 1366×768ಕ್ಕೂ 1024×768ಕ್ಕೂ ಎತ್ತರದ ಲೆಕ್ಕ 768ರಲ್ಲಿಯೇ ನಿಂತಿದೆ. ಆದ್ದರಿಂದ ಅಕ್ಷರ ಎತ್ತರದಲ್ಲಿ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ, ಮೂರನೇ ಒಂದರಷ್ಟು ಅಗಲಕ್ಕೆ ಊದಿಕೊಂಡಿತ್ತು ಅಷ್ಟೆ. ಅಡ್ಡ ಗೆರೆಗಳು, ಅಂದರೆ ತಲೆಕಟ್ಟುಗಳು, ಚೂಪಾಗಿಯೇ ಇದ್ದವು, ನಿಲುವು ಗೆರೆಗಳು ಮಾತ್ರ ಮಸುಕಾಗಿದ್ದವು. ತಲೆಕಟ್ಟು ಚೆನ್ನಾಗಿ ಕಂಡದ್ದರಿಂದಲೇ ನಾನು ಪರದೆಯನ್ನು ಅಷ್ಟು ದಿನ ನಂಬಿದ್ದು. ನೀವೂ ಒಂದು ವೃತ್ತವನ್ನು ಬರೆದು ನೋಡಿ, ಅದು ಮಲಗಿದ ಮೊಟ್ಟೆಯಂತೆ ಕಂಡರೆ ನಿಮ್ಮಲ್ಲಿಯೂ ಆಗಿರುವುದು ಇದೇ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎಂದು ಹೇಳಬೇಕಾಗಿದೆ, ಬೇಸರಿಸಿಕೊಳ್ಳಬೇಡಿ. ರೆಸಲ್ಯೂಷನ್ ಎಂಬುದು ಅಕ್ಷರದ ಗಾತ್ರವನ್ನು ತಿರುಗಿಸುವ ಗುಂಡಿಯಲ್ಲ. 4K ಪರದೆಯವರು ಸರಿಯಾಗಿ ಅರ್ಧಕ್ಕೆ ಇಳಿಸಬಹುದು, 3840×2160ರ ಅರ್ಧ 1920×1080, ಒಂದು ಪಿಕ್ಸೆಲ್‌ಗೆ ನಾಲ್ಕು ಚುಕ್ಕೆ ಪೂರ್ತಿಯಾಗಿ ಸಿಗುತ್ತದೆ. ನಿಮ್ಮದರ ಅರ್ಧ 683×384, ಅದರಲ್ಲಿ ಯಾವ ಕೆಲಸವೂ ಆಗುವುದಿಲ್ಲ. ಹಾಗಾಗಿ ಈ ಮಾನಿಟರಿಗೆ ಪೂರ್ತಿ ಪರದೆ ತುಂಬುವ ಸರಿಯಾದ ರೆಸಲ್ಯೂಷನ್ ಒಂದೇ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕಬೇಡಿ, ಬೋರ್ಡಿನಲ್ಲಿಯೇ ಇರುವ ಚಿಪ್ಪು 1366×768 ಅನ್ನು ಸಲೀಸಾಗಿ ಕೊಡುತ್ತದೆ.

ವಿಂಡೋಸಿನ Settings > System > Display ಒಳಗೆ Display resolution ಅನ್ನು 1366 × 768 (Recommended) ಎಂದು ಇಡಿ. ಆ ಸಾಲೇ ಕಾಣದಿದ್ದರೆ, Device Manager ತೆರೆದು Display adapters ಕೆಳಗೆ ನೋಡಿ. ಅಲ್ಲಿ Microsoft Basic Display Adapter ಎಂದಿದ್ದರೆ ಫಾರ್ಮ್ಯಾಟ್ ಮಾಡಿದವರು ಗ್ರಾಫಿಕ್ಸ್ ಡ್ರೈವರ್ ಹಾಕದೆ ಹೋಗಿದ್ದಾರೆ ಎಂದರ್ಥ.

ಇಷ್ಟಾದ ಮೇಲೂ ನನ್ನ ಪರದೆ ಪೂರ್ತಿ ತಿಳಿಯಾಗಲಿಲ್ಲ, ಏಕೆಂದರೆ ನನ್ನದು ಹದಿನೈದು ಸೂಜಿಯ ನೀಲಿ ವಿ.ಜಿ.ಎ. ಕೇಬಲ್. ಅದರಲ್ಲಿ ಹೋಗುವುದು ಏರಿಳಿಯುವ ವೋಲ್ಟೇಜಿನ ಅಲೆ. ಒಂದು ಪಿಕ್ಸೆಲ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬ ಗುರುತು ಅದರಲ್ಲಿ ಇರುವುದಿಲ್ಲ, ಮಾನಿಟರ್ ಊಹಿಸಬೇಕು. 1024, 1360, 1366 ಎಲ್ಲಕ್ಕೂ ಸಾಲುಗಳು 768 ಆಗಿರುವುದರಿಂದ ಊಹೆ ತಪ್ಪುವ ಸಾಧ್ಯತೆಯೂ ಹೆಚ್ಚು. ಊಹೆ ತಪ್ಪಿದೆಯೇ ಎಂದು ತಿಳಿಯಲು ಪೇಂಟ್‌ನಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ನಿಲುವು ಗೆರೆಗಳನ್ನು ಹಾಕಿ, ನಕಲು ಮಾಡುತ್ತ ಪರದೆಯ ತುಂಬ ಹರಡಿ, ನೂರು ಶೇಕಡಾ ನೋಟದಲ್ಲಿ ದೂರದಿಂದ ನೋಡಬೇಕು. ಎಲ್ಲ ಸರಿಯಿದ್ದರೆ ಒಂದೇ ಸಮನಾದ ಬೂದಿಬಣ್ಣ ಕಾಣುತ್ತದೆ. ಸರಿಯಿಲ್ಲದಿದ್ದರೆ ಸೀರೆಯ ಪಟ್ಟೆಗಳ ಹಾಗೆ ಅಗಲವಾದ ಮಸುಕು ಪಟ್ಟೆಗಳು ಏಳುತ್ತವೆ.

ಆ ಚಿತ್ರವನ್ನು ಪರದೆಯ ಮೇಲೆ ಇಟ್ಟುಕೊಂಡೇ ಮಾನಿಟರಿನ Auto ಗುಂಡಿಯನ್ನು ಒತ್ತಿ. ಕಪ್ಪು ಅಥವಾ ಖಾಲಿ ಪರದೆ ಇಟ್ಟುಕೊಂಡು ಒತ್ತಿದರೆ ಅದಕ್ಕೆ ಹಿಡಿದುಕೊಳ್ಳಲು ಅಂಚೇ ಸಿಗುವುದಿಲ್ಲ, ಮೊದಲಿಗಿಂತ ಕೆಡುವುದೂ ಉಂಟು. ಪಟ್ಟೆಗಳು ಉಳಿದರೆ ಮೆನುವಿನಲ್ಲಿ Clock ಅನ್ನು ಒಂದೊಂದೇ ಹೆಜ್ಜೆ ಸರಿಸುತ್ತ ಪಟ್ಟೆಗಳನ್ನು ಕಡಿಮೆ ಮಾಡುತ್ತ ಹೋಗಿ. ಅವು ಹೋದ ಮೇಲೂ ಇಡೀ ಚಿತ್ರ ನಡುಗುತ್ತಿದ್ದರೆ Phase ಅನ್ನು ತಿರುಗಿಸಿ. Clock ಎಷ್ಟು ಸರಿಸಿದರೂ ಆರು ಪಟ್ಟೆಗಳು ಹಟ ಹಿಡಿದು ನಿಂತರೆ, ಕಂಪ್ಯೂಟರ್ 1360×768 ಕಳುಹಿಸುತ್ತಿದೆಯೇ ನೋಡಿ. ಆರು ಚುಕ್ಕೆಗಳ ಕೊರತೆಯನ್ನು ಮಾನಿಟರ್ ಎಳೆದು ತುಂಬಿದಾಗ ಹೀಗಾಗುತ್ತದೆ. ಎರಡೂ ಕಡೆ ಡಿ.ವಿ.ಐ. ಅಥವಾ ಎಚ್.ಡಿ.ಎಂ.ಐ. ಕಿಂಡಿ ಇದ್ದರೆ ಈ ಊಹೆಯ ಕಾಟವೇ ಇಲ್ಲ, ಒಂದು ಕೇಬಲ್ ಕೊಂಡುಬಿಡಿ. Sharpness ಏರಿಸಿ ಮಸುಕನ್ನು ಓಡಿಸಲು ಹೋಗಬೇಡಿ. ನಾನು ನೂರಕ್ಕೆ ಇಟ್ಟಿದ್ದೆ, ಕಳೆದುಹೋದ ಗೀಟು ಮರಳಲಿಲ್ಲ, ಅಕ್ಷರಗಳ ಸುತ್ತ ಬಿಳಿ ಗೆರೆ ಹುಟ್ಟಿತು.

ಇಲ್ಲಿಗೆ ಬಂದ ಮೇಲೆ Start ಮೆನುವಿನಲ್ಲಿ `cttune` ಎಂದು ಟೈಪ್ ಮಾಡಿ ಕ್ಲಿಯರ್‌ಟೈಪ್ ಸರಿಮಾಡಿಕೊಳ್ಳಿ. ಇದು ಒಂದೊಂದು ಚುಕ್ಕೆಯ ಒಳಗಿನ ಕೆಂಪು, ಹಸಿರು, ನೀಲಿ ಭಾಗಗಳನ್ನು ಬೇರೆ ಬೇರೆಯಾಗಿ ಬಳಸಿ ಅಕ್ಷರದ ಅಂಚನ್ನು ನಯಗೊಳಿಸುವ ಉಪಾಯ. ಚಿತ್ರವನ್ನು ಎಳೆದು ಹರಡಿದಾಗ ಈ ಲೆಕ್ಕ ಜಾರಿ, ಅಕ್ಷರದ ಬದಿಗೆ ಬಣ್ಣದ ಅಂಚು ಅಂಟಿಕೊಳ್ಳುತ್ತದೆ. ಆದ್ದರಿಂದ 1024ರಲ್ಲಿ ಇದ್ದುಕೊಂಡು ಇದನ್ನು ಸರಿಪಡಿಸಲು ಕುಳಿತರೆ ಸಮಯ ಹಾಳು.

ಇನ್ನು ಗಾತ್ರದ ಮಾತು. ನಿಮಗೆ ಬ್ರೌಸರ್ ಮತ್ತು ವರ್ಡ್ ಮಾತ್ರ ಸಾಕಾಗಿದ್ದರೆ ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿ, ಅಕ್ಷರ ಎತ್ತರಕ್ಕೂ ಅಗಲಕ್ಕೂ ಬೆಳೆಯುತ್ತದೆ, ಹೊಸದಾಗಿ ಬರೆಯಲ್ಪಡುವುದರಿಂದ ಚೂಪಾಗಿಯೂ ಇರುತ್ತದೆ. ಇಡೀ ವಿಂಡೋಸ್ ದೊಡ್ಡದಾಗಬೇಕಿದ್ದರೆ Scale ಅನ್ನು 125% ಮಾಡಬಹುದು. ಆದರೆ ಆಗ ಕೆಲಸದ ಜಾಗ ಸುಮಾರು 1093×614ರಷ್ಟಕ್ಕೆ ಕುಗ್ಗುತ್ತದೆ, ಕೆಲವು ಕಿಟಕಿಗಳ OK ಗುಂಡಿ ಪರದೆಯ ಕೆಳಗೆ ಮುಳುಗಿಹೋಗುತ್ತದೆ. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಗಳಿಗೆ Scale ಎಂದರೇನೆಂದು ಗೊತ್ತಿಲ್ಲ, ವಿಂಡೋಸೇ ಅವುಗಳ ಚಿತ್ರವನ್ನು ಎಳೆದು ಹಿಗ್ಗಿಸುತ್ತದೆ, ಹೋದ ಮಸುಕು ಮತ್ತೆ ಮನೆಗೆ ಬರುತ್ತದೆ. ಅಂಥದ್ದಕ್ಕೆ ಆ ತಂತ್ರಾಂಶದ Properties > Compatibility > Change high DPI settings ಒಳಗೆ ಹೋಗಿ, Override high DPI scaling behavior ಅನ್ನು ಗುರುತಿಸಿ Application ಎಂದು ಆರಿಸಬೇಕು. ಆಗ ಅದು ಚೂಪಾಗುತ್ತದೆ, ಆದರೆ ಅದರ ಮೆನು ಸಣ್ಣದಾಗಿಯೇ ಉಳಿಯುತ್ತದೆ. ನಾನು Scale ಅನ್ನು ನೂರರಲ್ಲಿಯೇ ಬಿಟ್ಟು, ಪುಟವನ್ನು ಇನ್ನೂರು ಶೇಕಡಾ ಹಿಗ್ಗಿಸಿ ತಿದ್ದುತ್ತೇನೆ. ಆ ನೋಟದಲ್ಲಿ ಧದ ಗೀಟಿಗೆ ಎರಡು ಪೂರ್ತಿ ಕಪ್ಪು ಕಂಬ ಸಿಗುತ್ತವೆ.

1024×768 ಅನ್ನೇ ಕೇಳುವ ಯಾವುದೋ ಹಳೆಯ ತಂತ್ರಾಂಶ ನಿಮ್ಮಲ್ಲಿದ್ದರೆ, ಮಾನಿಟರಿನ ಮೆನುವಿನಲ್ಲಿ Wide ಅಥವಾ Full ಎಂದಿರುವುದನ್ನು 4:3ಕ್ಕೆ ಬದಲಿಸಿ. ಎಡಕ್ಕೂ ಬಲಕ್ಕೂ 171 ಚುಕ್ಕೆಗಳ ಕಪ್ಪು ಪಟ್ಟಿ ಬಿಟ್ಟು ನಡುವೆ ಚಿತ್ರ ಚುಕ್ಕೆಗೊಂದು ಚುಕ್ಕೆಯಾಗಿ ಕೂರುತ್ತದೆ, ಸ್ಪಷ್ಟವಾಗಿ. ಅಕ್ಷರ ಮಾತ್ರ 1366ರಲ್ಲಿ ಎಷ್ಟಿತ್ತೋ ಅಷ್ಟೇ ಇರುತ್ತದೆ.